ಯಂತ್ರ ಓಡುತ್ತದೆ, ಆದರೆ ಅದು ನಾನು ಕೊಂಡ ಯಂತ್ರವಲ್ಲ

ಓದುಗರ ಪ್ರಶ್ನೆ

ನಮಸ್ಕಾರ ಸರ್. ನಾನು ಮುಳಬಾಗಿಲಿನಲ್ಲಿ ಮನೆಯಲ್ಲೇ ರವಿಕೆ ಹೊಲಿಯುತ್ತೇನೆ. ಸೀರೆಗೆ ಪಿಕೋ ಮಾಡಲು ಬೇಕೆಂದು ಒಂದು ಶಾಪಿಂಗ್ ಆಪ್‌ನಲ್ಲಿ 11,490 ರೂಪಾಯಿ ಯುಪಿಐ ಮೂಲಕ ಕಟ್ಟಿ ಜಿಗ್‌ಜಾಗ್ ಹೊಲಿಗೆ ಯಂತ್ರ ತರಿಸಿದೆ. ಜೂನ್ 4ರಂದು ಬಂತು. 6ರಂದು ತೆರೆದರೆ, ಡಬ್ಬದ ಮೇಲೆ ನಾನು ಕೇಳಿದ ಮಾಡೆಲ್ ಹೆಸರೇ ಇದೆ, ಒಳಗಿರುವುದು ನೇರ ಹೊಲಿಗೆ ಮಾತ್ರ ಬರುವ ಬೇರೆ ಮಾಡೆಲ್. ಕೈಚಕ್ರದ ಪಕ್ಕದಲ್ಲಿ ಸೀಳು ಬೇರೆ ಬಿಟ್ಟಿದೆ. ಅಂದೇ ನನ್ನ ತಮ್ಮ ಆಪ್‌ನಲ್ಲಿ ‘ಸರಿಯಾಗಿ ಕೆಲಸ ಮಾಡುತ್ತಿಲ್ಲ’ ಎಂದು ದೂರು ಹಾಕಿದ. 9ರಂದು ಕೋಲಾರದಿಂದ ಮೆಕ್ಯಾನಿಕ್ ಬಂದು ಓಡಿಸಿ ನೋಡಿ, ‘ಇದು ಬೇರೆ ಮಾಡೆಲ್ ಅಕ್ಕ’ ಎಂದು ಬಾಯಲ್ಲಿ ಹೇಳಿ ಹೋದರು. ಮರುದಿನ ‘ದೋಷವಿಲ್ಲ’ ಎಂದು ದೂರನ್ನು ಮುಚ್ಚಿಬಿಟ್ಟರು. ಈಗ ಕೇಳಿದರೆ ಏಳು ದಿನ ಮುಗಿದಿದೆ, ಈ ವಸ್ತುವಿಗೆ ಬದಲಿ ಮಾತ್ರ, ಹಣ ವಾಪಸ್ ಇಲ್ಲ ಎನ್ನುತ್ತಾರೆ. ಡಬ್ಬ ಬಿಚ್ಚುವಾಗ ವಿಡಿಯೊ ಮಾಡಿಲ್ಲ, ಹಾಗಾಗಿ ಏನೂ ಆಗದು ಎಂದು ಎಲ್ಲರೂ ಹೇಳುತ್ತಾರೆ. ಇಂಟರ್ನೆಟ್‌ನಲ್ಲಿ ಸಿಕ್ಕ ಕಸ್ಟಮರ್ ಕೇರ್ ಸಂಖ್ಯೆಗೆ ಫೋನ್ ಮಾಡಿದರೆ, ಹಣ ಹಾಕಲು ಒಂದು ಆಪ್ ಇಳಿಸಿಕೊಳ್ಳಿ ಎಂದರು. ಹೆದರಿ ಫೋನ್ ಇಟ್ಟೆ. ಕೇಸು ಹಾಕಲು ಬೆಂಗಳೂರಿಗೆ ಹೋಗಬೇಕೆ? ವಕೀಲರ ಫೀಸೇ ಯಂತ್ರದ ಬೆಲೆ ಮೀರುವುದಿಲ್ಲವೆ?
ಓದುಗರು, ಮುಳಬಾಗಿಲು, ಜೂನ್ 28

ಉತ್ತರ

ಮೊದಲು ಆ ಫೋನ್ ಸಂಖ್ಯೆಯ ಮಾತು. ನೀವು ಹೆದರಿ ಇಟ್ಟಿದ್ದು ಒಳ್ಳೆಯದಾಯಿತು. ಹುಡುಕಿದಾಗ ಮೇಲೆ ಬರುವ ಕಸ್ಟಮರ್ ಕೇರ್ ಸಂಖ್ಯೆಗಳಲ್ಲಿ ಮೋಸಗಾರರು ತಾವೇ ಹಾಕಿಟ್ಟವು ಬೇಕಾದಷ್ಟಿವೆ. ಅವರು ಇಳಿಸಿಕೊಳ್ಳಿ ಎನ್ನುವ ಆಪ್ ನಿಮ್ಮ ಮೊಬೈಲ್ ಪರದೆಯನ್ನು ಅವರಿಗೆ ತೋರಿಸುವಂಥದ್ದು. ನಮ್ಮ ಖಾತೆಗೆ ಹಣ ಬರಬೇಕಾದರೆ ಯುಪಿಐ ಪಿನ್ ಒತ್ತಬೇಕಾಗಿಲ್ಲ, ಒಟಿಪಿ ಹೇಳಬೇಕಾಗಿಲ್ಲ. ಮುಂದೆ ಅವರೇ ಫೋನ್ ಮಾಡಿದರೂ ಮಾತು ಬೆಳೆಸಬೇಡಿ. ಒಂದು ವೇಳೆ ಹಣ ಹೋಗಿದ್ದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕಿತ್ತು. ಸಂಸ್ಥೆಯ ಸಂಖ್ಯೆ, ಇ-ಮೇಲ್ ಏನಿದ್ದರೂ ನೀವು ಖರೀದಿ ಮಾಡಿದ ಆಪ್‌ನ ಒಳಗಿನಿಂದಲೇ ತೆಗೆದುಕೊಳ್ಳಿ.

ಇನ್ನು ಯಂತ್ರದ ವಿಷಯ. ನಿಮ್ಮ ದೂರು ಬಿದ್ದುಹೋದದ್ದು ವಿಡಿಯೊ ಇಲ್ಲದ್ದಕ್ಕಲ್ಲ. ಜೂನ್ 6ರಂದು ನಿಮ್ಮ ತಮ್ಮ ಆಪ್‌ನಲ್ಲಿ ಆರಿಸಿದ ಕಾರಣದಿಂದ. ಗ್ರಾಹಕ ಪ್ರಕರಣಗಳನ್ನು ನಡೆಸುವ ವಕೀಲನಾಗಿ ನಾನು ಮತ್ತೆ ಮತ್ತೆ ನೋಡುವ ಎಡವಟ್ಟು ಇದು. ಆಪ್‌ನಲ್ಲಿ ‘ಬೇರೆ ವಸ್ತು ಬಂದಿದೆ’, ‘ಒಡೆದು ಬಂದಿದೆ’, ‘ಕೆಲಸ ಮಾಡುತ್ತಿಲ್ಲ’ ಎಂಬ ಆಯ್ಕೆಗಳು ಒಂದರ ಕೆಳಗೊಂದು ಇರುತ್ತವೆ. ನಮಗೆ ಮೂರೂ ಒಂದೇ ಅನ್ನಿಸುತ್ತದೆ, ಹೇಗೂ ಕೆಟ್ಟದ್ದು ಬಂದಿದೆಯಲ್ಲ ಎಂದು. ಆದರೆ ಒಂದೊಂದು ಆಯ್ಕೆಯೂ ದೂರನ್ನು ಒಂದೊಂದು ದಾರಿಗೆ ಕಳಿಸುತ್ತದೆ. ಮೊದಲ ಎರಡು ಸಾಮಾನ್ಯವಾಗಿ ಫೋಟೊ ಕೇಳಿ, ವಸ್ತುವನ್ನು ಹಿಂದಕ್ಕೆ ಒಯ್ಯುವ ವಿಭಾಗಕ್ಕೆ ಹೋಗುತ್ತವೆ. ಮೂರನೆಯದು ಮೆಕ್ಯಾನಿಕ್‌ನನ್ನು ಕಳಿಸುತ್ತದೆ. ಅವನಿಗೆ ಕೊಟ್ಟ ಕೆಲಸ ಒಂದೇ: ಯಂತ್ರ ಓಡುತ್ತದೆಯೋ ಇಲ್ಲವೋ ನೋಡುವುದು. ನಿಮ್ಮ ಯಂತ್ರ ಓಡಿತು, ಅವನು ‘ದೋಷವಿಲ್ಲ’ ಎಂದು ಗುರುತು ಹಾಕಿದ. ಅವನ ವರದಿ ಸುಳ್ಳಲ್ಲ, ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು. ಮುಂದೆ ಚಾಟ್‌ನಲ್ಲಿ ನೀವು ಎಷ್ಟು ಬಾರಿ ಬರೆದರೂ ಅಲ್ಲಿ ಕುಳಿತವರು ತೆರೆದು ನೋಡುವುದು ಆ ಒಂದು ಸಾಲನ್ನೇ.

ಆದ್ದರಿಂದ ಅದೇ ದೂರನ್ನು ಮತ್ತೆ ತೆರೆಯಿರಿ ಎಂದು ಚಾಟ್‌ನಲ್ಲಿ ಬೇಡುತ್ತಾ ಕೂರಬೇಡಿ. ದೂರಿನ ವಿಷಯವನ್ನೇ ಬದಲಿಸಿ, ಅದನ್ನು ಬೇರೆ ಬಾಗಿಲಿಗೆ ಒಯ್ಯಬೇಕು. ಅದಕ್ಕೆ ಮುಂಚೆ ಸಾಕ್ಷ್ಯ ಕೂಡಿಸಿಕೊಳ್ಳಬೇಕು.

ಡಬ್ಬ ಇನ್ನೂ ಮನೆಯಲ್ಲಿದೆಯೆ? ಇದ್ದರೆ ಅರ್ಧ ಕೆಲಸ ಆದಂತೆ. ನಿಮ್ಮ ಪ್ರಕರಣದಲ್ಲಿ ಯಂತ್ರಕ್ಕಿಂತ ಡಬ್ಬಕ್ಕೇ ಬೆಲೆ ಹೆಚ್ಚು. ಥರ್ಮೋಕೋಲ್, ಒಳಗಿನ ಪುಸ್ತಕ, ವಾರಂಟಿ ಕಾರ್ಡ್, ಕೊರಿಯರ್‌ನವರು ಅಂಟಿಸಿದ ಚೀಟಿ ಯಾವುದನ್ನೂ ಎಸೆಯಬೇಡಿ. ಯಂತ್ರದಲ್ಲಿ ಹೊಲಿಯಲೂ ಬೇಡಿ. ಬಂದದ್ದು ಬಂತು, ರವಿಕೆಗಾದರೂ ಆಗಲಿ ಎಂದು ಬಳಸಲು ಶುರು ಮಾಡಿದರೆ ನಾಳೆ ಅವರು ‘ಒಪ್ಪಿಕೊಂಡು ಬಳಸಿದ್ದಾರೆ’ ಎನ್ನುತ್ತಾರೆ. ಆ ಸೀಳನ್ನು ಊರಿನ ರಿಪೇರಿ ಅಂಗಡಿಯಲ್ಲಿ ಅಂಟಿಸಿಕೊಳ್ಳುವುದೂ ಬೇಡ.

ಡಬ್ಬದ ಹೊರಗೆ ಕಂಪನಿಯ ಒಂದು ಚೀಟಿ ಇರುತ್ತದೆ: ಮಾಡೆಲ್, ಬೆಲೆ, ತಯಾರಾದ ತಿಂಗಳು, ಬಹುತೇಕ ಕ್ರಮ ಸಂಖ್ಯೆಯೂ ಇರುತ್ತದೆ. ಯಂತ್ರದ ಬೆನ್ನಿಗೋ ತಳಕ್ಕೋ ಇನ್ನೊಂದು ಚೀಟಿ ಇರುತ್ತದೆ. ಈ ಎರಡನ್ನೂ ಬೇರೆ ಬೇರೆಯಾಗಿ, ಅಕ್ಷರ ಓದಲು ಬರುವಂತೆ ಫೋಟೊ ತೆಗೆಯಿರಿ. ಆಮೇಲೆ ಯಂತ್ರವನ್ನು ಡಬ್ಬಕ್ಕೆ ಒರಗಿಸಿಟ್ಟು ಎರಡು ಚೀಟಿಗಳೂ ಒಂದೇ ಫೋಟೊದಲ್ಲಿ ಬರುವಂತೆ ಇನ್ನೊಂದು ತೆಗೆಯಿರಿ. ಡಬ್ಬ ಒಂದು ಮಾತು ಹೇಳುತ್ತದೆ, ಒಳಗಿನ ಯಂತ್ರ ಇನ್ನೊಂದು ಮಾತು ಹೇಳುತ್ತದೆ ಎಂದು ಆ ಒಂದು ಚಿತ್ರವೇ ತೋರಿಸಬೇಕು. ಕೊರಿಯರ್ ಚೀಟಿಯದ್ದು, ಸೀಳಿನದ್ದು ಒಂದೊಂದು. ಇವು ನಿಮ್ಮ ಮೊಬೈಲ್‌ನಲ್ಲೇ ಮೂಲರೂಪದಲ್ಲಿ ಉಳಿಯಲಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಫೋಟೊದಲ್ಲಿ ಯಾವಾಗ ತೆಗೆದದ್ದು ಎಂಬ ಮಾಹಿತಿ ಉಳಿಯುವುದಿಲ್ಲ, ಆದ್ದರಿಂದ ತಮ್ಮನಿಗೆ ಕಳಿಸಿದೆನಲ್ಲ ಎಂದು ಮೂಲವನ್ನು ಅಳಿಸಿಬಿಡಬೇಡಿ.

ಆಪ್‌ನಲ್ಲಿ ಆ ಯಂತ್ರದ ಪುಟವನ್ನು ಇಂದೇ ತೆರೆದು, ‘ಜಿಗ್‌ಜಾಗ್’ ಎಂದು ಬರೆದಿರುವ ಜಾಗವನ್ನೂ ಮಾರಾಟಗಾರರ ಹೆಸರನ್ನೂ ಸ್ಕ್ರೀನ್‌ಶಾಟ್ ಮಾಡಿಕೊಳ್ಳಿ. ಮಾರಾಟಗಾರರು ಈ ಪುಟಗಳನ್ನು ಯಾವಾಗ ಬೇಕಾದರೂ ತಿದ್ದಬಹುದು. ಚಾಟ್‌ನ ಮಾತುಗಳೂ ಕೆಲವು ಆಪ್‌ಗಳಲ್ಲಿ ಸ್ವಲ್ಪ ದಿನಕ್ಕೆ ಮಾಯವಾಗುತ್ತವೆ, ಅವನ್ನೂ ಉಳಿಸಿಕೊಳ್ಳಿ. ಬಿಲ್ಲನ್ನು ಇಳಿಸಿಕೊಂಡು ಮುದ್ರಿಸಿ. ಬಿಲ್ಲಿನ ಮೇಲೆ ಆಪ್‌ನ ಹೆಸರಷ್ಟೇ ಅಲ್ಲದೆ ಇನ್ನಾವುದೋ ಸಂಸ್ಥೆಯ ಹೆಸರು, ವಿಳಾಸ ಕಾಣುತ್ತದೆ. ನಿಮಗೆ ಯಂತ್ರ ಮಾರಿದವರು ಅವರು. ಆಪ್‌ನವರು ಸಂತೆಯ ಜಾಗ ಕೊಟ್ಟವರು. ಈ ವ್ಯತ್ಯಾಸ ಮುಂದೆ ಬೇಕಾಗುತ್ತದೆ.

ಈಗ ಆ ಮೆಕ್ಯಾನಿಕ್‌ನ ವಿಷಯ. ಅವರು ಬಾಯಲ್ಲಿ ಹೇಳಿದ್ದು ನಿಮ್ಮ ಪರವಾದ ಅತ್ಯುತ್ತಮ ಸಾಕ್ಷ್ಯ, ಆದರೆ ಕಾಗದದ ಮೇಲಿಲ್ಲ. ಅವರು ಬರುವ ಮುಂಚೆ ನಿಮ್ಮ ಮೊಬೈಲ್‌ಗೆ ಒಂದು ಸಂದೇಶ ಬಂದಿರಬೇಕು, ಅದರಲ್ಲಿ ದೂರಿನ ಸಂಖ್ಯೆ ಇರುತ್ತದೆ. ಅದನ್ನು ಹಿಡಿದು ಆ ಸರ್ವಿಸ್ ಕೇಂದ್ರಕ್ಕೆ ಇ-ಮೇಲ್ ಬರೆದು ಜೂನ್ 9ರ ಜಾಬ್ ಶೀಟ್‌ನ ಪ್ರತಿ ಕೇಳಿ. ಯಂತ್ರ ಕೆಟ್ಟಿದೆಯೋ ಇಲ್ಲವೋ ಎಂಬ ವಾದಕ್ಕೆ ಇಳಿಯಬೇಡಿ. ಒಂದೇ ಪ್ರಶ್ನೆ ಹಾಕಿ: ನಿಮ್ಮವರು ಪರೀಕ್ಷಿಸಿದ ಯಂತ್ರದ ಮಾಡೆಲ್ ಮತ್ತು ಕ್ರಮ ಸಂಖ್ಯೆ ಯಾವುದು? ಇದಕ್ಕೆ ಉತ್ತರಿಸಲು ಅವರಿಗೆ ಹಿಂಜರಿಕೆ ಇರುವುದಿಲ್ಲ. ಎಷ್ಟೋ ಜಾಬ್ ಶೀಟ್‌ಗಳಲ್ಲಿ ಮಾಡೆಲ್ ಬರೆಯುವ ಅಂಕಣವೇ ಇರುತ್ತದೆ. ‘ದೋಷವಿಲ್ಲ’ ಎಂದು ನಿಮ್ಮ ವಿರುದ್ಧ ಬಳಸಿದ ಅದೇ ಹಾಳೆ, ಅದರಲ್ಲಿ ಬೇರೆ ಮಾಡೆಲ್ ಸಂಖ್ಯೆ ಇದ್ದರೆ, ನಿಮ್ಮ ಪರವಾಗಿ ತಿರುಗುತ್ತದೆ. ಆ ಹುಡುಗನನ್ನು ಸಾಕ್ಷಿಗೆ ಎಳೆಯುತ್ತೇನೆ ಎಂದು ಹೆದರಿಸಲು ಮಾತ್ರ ಹೋಗಬೇಡಿ. ಅವನು ಬಾಯಿ ಮುಚ್ಚಿಕೊಂಡರೆ ನಷ್ಟ ನಿಮಗೆ.

ವಿಡಿಯೊ ಇಲ್ಲದಿದ್ದರೆ ಏನೂ ಆಗದು ಎನ್ನುವವರಿಗೆ ಕಾನೂನಿನಲ್ಲಿ ಆಧಾರವಿಲ್ಲ. ಡಬ್ಬ ಬಿಚ್ಚುವ ವಿಡಿಯೊ ಇರಲೇಬೇಕು ಎಂದು ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಎಲ್ಲಿಯೂ ಹೇಳುವುದಿಲ್ಲ. ಅದು ಕೆಲವು ಮಾರಾಟಗಾರರು ತಮ್ಮ ಷರತ್ತಿನಲ್ಲಿ ಬರೆದುಕೊಂಡದ್ದು. ಹಾಗೆಂದು ವಿಡಿಯೊಗೆ ಬೆಲೆಯಿಲ್ಲ ಎನ್ನಲಾರೆ. ಸಂಸ್ಥೆಗಳಿಗೂ ಒಂದು ನಿಜವಾದ ಭಯವಿದೆ: ಹೊಸದನ್ನು ಇಟ್ಟುಕೊಂಡು ಮನೆಯ ಹಳೆಯದನ್ನು ಡಬ್ಬಕ್ಕೆ ತುಂಬಿ ಹಿಂತಿರುಗಿಸುವ ಗ್ರಾಹಕರೂ ಇದ್ದಾರೆ. ನಿಮ್ಮ ಮೇಲೂ ಅದೇ ಅನುಮಾನ ಬರುತ್ತದೆ, ಬಾಯಿ ಬಿಟ್ಟು ಹೇಳದಿದ್ದರೂ. ಅದಕ್ಕೆ ಉತ್ತರ ನಿಮ್ಮ ಹತ್ತಿರ ಇದೆ. ಬಂದ ಮೂರನೇ ದಿನವೇ ದೂರು ಹೋಗಿದೆ. ಅವರ ಕಡೆಯವರೇ ಐದು ದಿನದೊಳಗೆ ಬಂದು ಯಂತ್ರವನ್ನು ಕಣ್ಣಾರೆ ನೋಡಿದ್ದಾರೆ. ಅದು ಹಳೆಯದಲ್ಲ, ದಾರದ ನಾರು ಅಂಟದ ಹೊಸ ಯಂತ್ರ. ಸೂಜಿ ತಟ್ಟೆಯ ಕೆಳಗೆ, ಬಾಬಿನ್ ಕೂರುವ ಜಾಗದಲ್ಲಿ ನಾರು, ಧೂಳು ಇಲ್ಲದಿರುವುದನ್ನೂ ಒಂದು ಫೋಟೊ ತೆಗೆಯಿರಿ. ಬಳಸಿದ ಯಂತ್ರದಲ್ಲಿ ಅಲ್ಲಿ ಏನು ತುಂಬಿರುತ್ತದೆ ಎಂದು ಹೊಲಿಯುವ ನಿಮಗೆ ನಾನು ಹೇಳಬೇಕಾಗಿಲ್ಲ.

‘ಏಳು ದಿನ ಮುಗಿಯಿತು’ ಎಂಬ ಮಾತನ್ನಂತೂ ಒಪ್ಪಬೇಡಿ. ಜೂನ್ 4ಕ್ಕೆ ಬಂದ ವಸ್ತುವಿನ ಮೇಲೆ 6ಕ್ಕೆ ದೂರಿದ್ದೀರಿ. ಅವಧಿಯೊಳಗೆ ದೂರಿದ ಮೇಲೆ, ಅವರು ಅದನ್ನು ತಪ್ಪಾಗಿ ಮುಚ್ಚಿದ್ದಕ್ಕೆ ನಿಮ್ಮ ಗಡಿಯಾರ ಓಡುವುದಿಲ್ಲ. ‘ಬದಲಿ ಮಾತ್ರ, ಹಣವಿಲ್ಲ’ ಎನ್ನುವುದೂ ಅವರ ಮನೆಯ ನಿಯಮ. ಗ್ರಾಹಕ ಸಂರಕ್ಷಣೆ (ಇ-ವಾಣಿಜ್ಯ) ನಿಯಮಗಳು, 2020 ಇದಕ್ಕಿಂತ ಮೇಲಿನವು. ವಸ್ತು ದೋಷಪೂರಿತವಾಗಿದ್ದರೆ, ನಕಲಿಯಾಗಿದ್ದರೆ, ಅಥವಾ ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣ ಅದರಲ್ಲಿ ಇಲ್ಲದಿದ್ದರೆ, ಅದನ್ನು ಹಿಂತೆಗೆದುಕೊಳ್ಳಲು ಅಥವಾ ಪಡೆದ ಹಣ ಹಿಂತಿರುಗಿಸಲು ಮಾರಾಟಗಾರ ನಿರಾಕರಿಸುವಂತಿಲ್ಲ ಎಂದು ಆ ನಿಯಮಗಳ 6ನೇ ನಿಯಮ ಹೇಳುತ್ತದೆ. ಜಿಗ್‌ಜಾಗ್ ಎಂದು ಮಾರಿ ನೇರ ಹೊಲಿಗೆಯದನ್ನು ಕಳಿಸುವುದು ಇದರೊಳಗೆ ಅಚ್ಚುಕಟ್ಟಾಗಿ ಕೂರುತ್ತದೆ. ಬಣ್ಣ ಇಷ್ಟವಾಗಲಿಲ್ಲ, ಮನಸ್ಸು ಬದಲಾಯಿತು ಎನ್ನುವವರಿಗೆ ಮಾತ್ರ ಈ ರಕ್ಷಣೆ ಇಲ್ಲ. ಅಲ್ಲಿ ಸಂಸ್ಥೆಯ ಷರತ್ತೇ ಕೊನೆಯ ಮಾತು.

ನಾನು ಹೇಳಿದ ಬೇರೆ ಬಾಗಿಲು ಯಾವುದೆಂದರೆ ಕುಂದುಕೊರತೆ ಅಧಿಕಾರಿ. ಇದೇ 2020ರ ನಿಯಮಗಳ ಪ್ರಕಾರ ಪ್ರತಿ ಆನ್‌ಲೈನ್ ಮಾರಾಟ ಸಂಸ್ಥೆಯೂ ಇಂಥ ಅಧಿಕಾರಿಯನ್ನು ನೇಮಿಸಿ, ಹೆಸರು ಮತ್ತು ಸಂಪರ್ಕವನ್ನು ತನ್ನ ಆಪ್‌ನಲ್ಲಿ ಪ್ರಕಟಿಸಬೇಕು. ಸಾಮಾನ್ಯವಾಗಿ ಅದು ಪುಟದ ತಳದಲ್ಲಿ, ಷರತ್ತುಗಳ ನಡುವೆ ಅಡಗಿ ಕುಳಿತಿರುತ್ತದೆ. ದೂರು ತಲುಪಿದ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ಚಾಟ್‌ನಲ್ಲಿ ನಿಮ್ಮ ಜೊತೆ ಮಾತನಾಡುವವರಿಗೆ ಈ ಹೊಣೆ ಇಲ್ಲ, ಮುಚ್ಚಿದ ದೂರನ್ನು ತೆರೆಯುವ ಅಧಿಕಾರವೂ ಬಹುತೇಕ ಇರುವುದಿಲ್ಲ. ಪಾಪ, ಅವರ ಮೇಲೆ ಕೂಗಾಡಿ ಏನು ಪ್ರಯೋಜನ?

ಪತ್ರದಲ್ಲಿ ಕಣ್ಣೀರೂ ಬೇಡ, ಬೈಗುಳವೂ ಬೇಡ. ಇಷ್ಟು ಸಾಕು:

‘ಆರ್ಡರ್ ಸಂಖ್ಯೆ ಇಂಥದ್ದು. ಬೆಲೆ 11,490 ರೂಪಾಯಿ, ಯುಪಿಐ ಮೂಲಕ ಪಾವತಿ. ನಾನು ಕೊಂಡದ್ದು ಇಂಥ ಮಾಡೆಲ್‌ನ ಜಿಗ್‌ಜಾಗ್ ಯಂತ್ರ. ಜೂನ್ 4ರಂದು ತಲುಪಿದ ಡಬ್ಬದೊಳಗೆ ಇದ್ದದ್ದು ಇಂಥ ಮಾಡೆಲ್‌ನ, ಇಂಥ ಕ್ರಮ ಸಂಖ್ಯೆಯ ನೇರ ಹೊಲಿಗೆ ಯಂತ್ರ. ಅದರ ಮೈಯೂ ಸೀಳಿದೆ. ಜೂನ್ 6ರಂದೇ, ಹಿಂತಿರುಗಿಸುವ ಅವಧಿಯೊಳಗೆ, ದೂರು ನೀಡಿದ್ದೇನೆ. ಜೂನ್ 9ರ ತಪಾಸಣೆ ಯಂತ್ರ ಓಡುತ್ತದೆಯೇ ಎಂಬುದನ್ನಷ್ಟೇ ನೋಡಿದೆ, ಆರ್ಡರ್ ಮಾಡಿದ ಮಾಡೆಲ್ ಹೌದೇ ಎಂಬುದನ್ನು ನೋಡಿಲ್ಲ. ಇದು ಬೇರೆ ವಸ್ತು ಬಂದ ದೂರು, ಯಂತ್ರ ಕೆಟ್ಟ ದೂರಲ್ಲ. ವಸ್ತುವನ್ನು ಹಿಂತೆಗೆದುಕೊಂಡು, ಪೂರ್ತಿ ಹಣವನ್ನು ಪಾವತಿಸಿದ ಖಾತೆಗೇ ಹಿಂತಿರುಗಿಸಬೇಕು. ಮಾರಾಟಗಾರರ ಪೂರ್ಣ ವಿಳಾಸ ಮತ್ತು ಇ-ಮೇಲ್ ಅನ್ನು ಲಿಖಿತವಾಗಿ ತಿಳಿಸಬೇಕು. ಯಂತ್ರ, ಡಬ್ಬ ಎರಡೂ ನನ್ನಲ್ಲಿ ಬಳಸದೆ ಇವೆ.’

ಇದರ ಜೊತೆ ಆರೇಳು ಫೋಟೊ ಮತ್ತು ಬಿಲ್ಲು ಸಾಕು. ಕೊಂಡ ನಂತರ ಲಿಖಿತವಾಗಿ ಕೇಳಿದ ಗ್ರಾಹಕರಿಗೆ ಮಾರಾಟಗಾರರ ವಿಳಾಸ ಕೊಡುವುದು ಆಪ್ ಸಂಸ್ಥೆಯ ಕರ್ತವ್ಯ; ಈಗಲೇ ಕೇಳಿಟ್ಟರೆ ಮುಂದೆ ನೋಟಿಸ್ ಕಳಿಸುವಾಗ ಹುಡುಕಾಡಬೇಕಾಗಿಲ್ಲ. ಕನ್ನಡದಲ್ಲಿ ಬರೆಯಲು ಸಂಕೋಚ ಬೇಡ. ಆದರೆ ಅದರ ಕೆಳಗೇ ನಿಮ್ಮ ತಮ್ಮನಿಂದ ಇಂಗ್ಲಿಷ್ ಅನುವಾದವನ್ನೂ ಬರೆಸಿ ಸೇರಿಸಿ. ಪತ್ರ ಯಾವ ರಾಜ್ಯದಲ್ಲಿ ಕುಳಿತವರ ಮುಂದೆ ತೆರೆಯುತ್ತದೋ ಹೇಳಲಾಗದು. ನಮಗೆ ಬೇಕಾಗಿರುವುದು ಹಣ, ಗೆಲುವಿನ ಸಂತೋಷವಲ್ಲ. ನೀವು ಜೂನ್ 30ರಂದು ಕಳಿಸಿದರೆ ಜುಲೈ 2ರೊಳಗೆ ಸ್ವೀಕೃತಿ, ಜುಲೈ 30ರೊಳಗೆ ತೀರ್ಮಾನ ಬರಬೇಕು ಎಂದು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ. ದೂರಿಗೆ ಟಿಕೆಟ್ ಸಂಖ್ಯೆ ಕೊಡುತ್ತಾರೆ, ಬರೆದಿಟ್ಟುಕೊಳ್ಳಿ.

ಇದಾದ ಮೇಲೆ ಅವರು ಸುಮ್ಮನೆ ಇಲ್ಲ ಎನ್ನುವುದು ಕಡಿಮೆ. ಮೂರು ಬಗೆಯ ಮಾತು ಬರಬಹುದು.

ಒಂದು, ಬದಲಿ ಯಂತ್ರ ಕಳಿಸುತ್ತೇವೆ ಎನ್ನಬಹುದು. ನಿಮಗೆ ಪಿಕೋ ಕೆಲಸ ನಿಂತಿದೆ, ಯಂತ್ರವೇ ಬೇಕು ಎಂದಿದ್ದರೆ ಒಪ್ಪಬಹುದು. ಅಪಾಯ ಇಷ್ಟೇ: ಡಬ್ಬದ ಮೇಲೊಂದು ಒಳಗೊಂದು ಎಂಬ ತಪ್ಪು ಗೋದಾಮಿನಲ್ಲೋ, ಮತ್ತೊಬ್ಬ ಗ್ರಾಹಕ ಹಿಂತಿರುಗಿಸಿದ ವಸ್ತುವನ್ನು ನೋಡದೆ ಮತ್ತೆ ಮಾರಾಟಕ್ಕೆ ಇಟ್ಟಾಗಲೋ ಆಗಿರುತ್ತದೆ. ಅದೇ ಮಾರಾಟಗಾರರ ಅದೇ ರಾಶಿಯಿಂದ ಇನ್ನೊಂದು ಬಂದರೆ ಮತ್ತೆ ಅದೇ ಆಗಬಹುದು. ಆದ್ದರಿಂದ ಒಪ್ಪುವುದಾದರೆ ‘ಬದಲಿಯೂ ತಪ್ಪಾಗಿ ಬಂದರೆ ಹಣ ಹಿಂತಿರುಗಿಸಬೇಕು’ ಎಂದು ಇ-ಮೇಲ್‌ನಲ್ಲಿ ಬರೆದು ಒಪ್ಪಿ. ಆ ಡಬ್ಬ ಬಿಚ್ಚುವಾಗ ಮಾತ್ರ ವಿಡಿಯೊ ಮಾಡಿ: ಕೊರಿಯರ್ ಚೀಟಿಯಿಂದ ಶುರುವಾಗಿ, ಟೇಪ್ ಕತ್ತರಿಸುವುದು, ಯಂತ್ರದ ಬೆನ್ನಿನ ಚೀಟಿ, ಎಲ್ಲವೂ ನಡುವೆ ನಿಲ್ಲಿಸದೆ ಒಂದೇ ಉಸಿರಿನಲ್ಲಿ ಇರಲಿ. ನಡುವೆ ತುಂಡಾದ ವಿಡಿಯೊವನ್ನು ಅವರು ತಳ್ಳಿಹಾಕಲು ಸುಲಭ.

ಎರಡು, ‘ಯಂತ್ರ ನಿಮ್ಮಲ್ಲೇ ಇರಲಿ, ಸ್ವಲ್ಪ ಹಣ ವಾಪಸ್ ಕೊಡುತ್ತೇವೆ’ ಎನ್ನಬಹುದು. ಚಹಾ ಲೋಟದ ಸೆಟ್‌ನಲ್ಲಿ ಒಂದು ಒಡೆದಿದ್ದರೆ ನಾನೂ ಒಪ್ಪಿಕೊಳ್ಳಿ ಎನ್ನುತ್ತಿದ್ದೆ. ನಿಮಗೆ ಇದು ಬೇಡ. ಒಪ್ಪಿದಿರೆಂದರೆ ದೂರು ಪೂರ್ತಿ ತೀರಿತು ಎಂದು ದಾಖಲಾಗುತ್ತದೆ, ಪಿಕೋ ಬಾರದ ಯಂತ್ರ ನಿಮ್ಮ ಮನೆಯಲ್ಲಿ ಉಳಿಯುತ್ತದೆ. ಹಣವನ್ನು ಆಪ್‌ನ ವ್ಯಾಲೆಟ್‌ಗೆ ಹಾಕುತ್ತೇವೆ ಎಂದರೂ ಬೇಡ ಎನ್ನಿ. ಬ್ಯಾಂಕ್ ಖಾತೆಯಿಂದ ಹೋದದ್ದು ಬ್ಯಾಂಕ್ ಖಾತೆಗೇ ಬರಲಿ.

ಮೂರು, ಹಣ ಕೊಡುತ್ತೇವೆ, ಯಂತ್ರ ಒಯ್ಯಲು ಹುಡುಗ ಬರುತ್ತಾನೆ ಎನ್ನಬಹುದು. ನಿಮಗೆ ಬೇಕಾದದ್ದು ಇದೇ, ಆದರೆ ಎಚ್ಚರ ಬೇಕಾದದ್ದೂ ಇಲ್ಲಿಯೇ. ಒಯ್ಯಲು ಬರುವ ಹುಡುಗನ ಮೊಬೈಲ್‌ನಲ್ಲಿ ನೀವು ಆರ್ಡರ್ ಮಾಡಿದ ಮಾಡೆಲ್‌ನ ಚಿತ್ರವೋ ಸಂಖ್ಯೆಯೋ ಇರುತ್ತದೆ. ಕೈಯಲ್ಲಿರುವ ವಸ್ತು ಅದಕ್ಕೆ ಹೊಂದಿದರೆ ಮಾತ್ರ ಅವನು ಒಯ್ಯಬಹುದು. ನಿಮ್ಮ ದೂರೇ ಅದು ಹೊಂದುವುದಿಲ್ಲ ಎಂದು! ಆದ್ದರಿಂದ ಅವನು ಹೊಂದುವುದಿಲ್ಲ ಎಂದು ಬಿಟ್ಟುಹೋಗುತ್ತಾನೆ, ಆಪ್‌ನಲ್ಲಿ ‘ಗ್ರಾಹಕರು ರದ್ದು ಮಾಡಿದ್ದಾರೆ’ ಎಂದು ಕಾಣಿಸಿಕೊಳ್ಳುತ್ತದೆ. ಬೇರೆ ವಸ್ತು ಬಂದವರ ಅರ್ಧ ಗೋಳು ಈ ಹಂತದ್ದು. ಅದಕ್ಕೆ ಮೊದಲೇ ‘ನನ್ನಲ್ಲಿರುವ ಯಂತ್ರದ ಮಾಡೆಲ್ ಮತ್ತು ಕ್ರಮ ಸಂಖ್ಯೆ ಇದು, ಒಯ್ಯಲು ಬರುವವರಿಗೆ ಇದನ್ನೇ ಒಯ್ಯಲು ಸೂಚಿಸಿ’ ಎಂದು ಕುಂದುಕೊರತೆ ಅಧಿಕಾರಿಗೆ ಬರೆದು ಉತ್ತರ ತರಿಸಿಕೊಳ್ಳಿ. ಹುಡುಗ ಬಂದಾಗ ಆ ಇ-ಮೇಲ್ ತೋರಿಸಿ. ಆದರೂ ಬಿಟ್ಟುಹೋದರೆ ಜಗಳವಾಡಬೇಡಿ, ಬಂದ ಹೊತ್ತು ಮತ್ತು ಅವನು ಹೇಳಿದ ಕಾರಣವನ್ನು ಅಂದೇ ಅಧಿಕಾರಿಗೆ ಬರೆಯಿರಿ. ಒಯ್ದರೆ, ಒಯ್ದದ್ದಕ್ಕೆ ಆಪ್‌ನಲ್ಲೋ ಸಂದೇಶದಲ್ಲೋ ರಸೀದಿ ಬಂದ ಮೇಲೆಯೇ ಡಬ್ಬವನ್ನು ಹೊಸ್ತಿಲು ದಾಟಿಸಿ. ಒಟಿಪಿ ಕೇಳಿದರೆ, ಅದು ಏತಕ್ಕೆ ಎಂದು ಸಂದೇಶವನ್ನು ಓದಿ ಆಮೇಲೆ ಹೇಳಿ.

ಜುಲೈ 2 ದಾಟಿದರೂ ಸ್ವೀಕೃತಿ ಬರದಿದ್ದರೆ, ಅಥವಾ ಬಂದ ಉತ್ತರ ಹಳೆಯ ಪಲ್ಲವಿಯೇ ಆಗಿದ್ದರೆ, 1915ಕ್ಕೆ ಕರೆ ಮಾಡಿ. ಇದು ಕೇಂದ್ರ ಸರ್ಕಾರದ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತನಾಡುತ್ತಾರೆ. consumerhelpline.gov.in ತಾಣದಲ್ಲಿ ನೀವೇ ದೂರು ದಾಖಲಿಸಿ ಕಾಗದಗಳನ್ನು ಸೇರಿಸಲೂಬಹುದು. ದೊಡ್ಡ ಆಪ್ ಸಂಸ್ಥೆಗಳು ಈ ಸಹಾಯವಾಣಿಯ ಜೊತೆ ಕೈಜೋಡಿಸಿರುವುದರಿಂದ ದೂರು ನೇರವಾಗಿ ಅವರ ಮೇಲಿನ ಹಂತಕ್ಕೆ ಹೋಗುತ್ತದೆ, ಎಷ್ಟೋ ಹಣ ಇಲ್ಲಿಯೇ ವಾಪಸ್ ಬರುತ್ತದೆ. ಇದರ ಮಿತಿಯನ್ನೂ ತಿಳಿದಿರಿ: ಸಹಾಯವಾಣಿ ನ್ಯಾಯಾಲಯವಲ್ಲ, ಕೊಡಿ ಎಂದು ಆದೇಶಿಸಲಾರದು. ಸಂಸ್ಥೆ ಮತ್ತೆ ‘ದೋಷವಿಲ್ಲ’ ಎಂದು ಉತ್ತರಿಸಿದರೆ ಅಲ್ಲಿಗೆ ಮುಗಿಯಿತು. ಹಾಗೆ ಮುಗಿದರೂ ಆ ದೂರಿನ ಸಂಖ್ಯೆ ಮತ್ತು ಉತ್ತರ ನಿಮ್ಮ ಕಡತಕ್ಕೆ ಬೇಕಾದ ಕಾಗದವೇ.

ಬ್ಯಾಂಕಿನ ದಾರಿಯನ್ನೂ ಕೆಲವರು ಹೇಳುತ್ತಾರೆ. ಕ್ರೆಡಿಟ್ ಕಾರ್ಡ್‌ನಲ್ಲಿ ಕಟ್ಟಿದ್ದರೆ ಬ್ಯಾಂಕಿನಲ್ಲಿ ತಕರಾರು ಹಾಕುವುದಕ್ಕೆ ಒಳ್ಳೆಯ ಅವಕಾಶವಿತ್ತು. ನೀವೇ ಪಿನ್ ಒತ್ತಿ ಯುಪಿಐನಲ್ಲಿ ಕಟ್ಟಿದ ಹಣಕ್ಕೆ ಬ್ಯಾಂಕಿನಿಂದ ಹೆಚ್ಚು ನಿರೀಕ್ಷಿಸಬೇಡಿ.

ಇನ್ನು ಕೇಸಿನ ಮಾತು. ಬೆಂಗಳೂರಿಗೆ ಹೋಗಬೇಕಾಗಿಲ್ಲ. ಬಿಲ್ಲಿನ ಮೇಲೆ ಬೇರೆ ಊರಿನ ನ್ಯಾಯವ್ಯಾಪ್ತಿ ಎಂದು ಅಚ್ಚಾಗಿದ್ದರೂ, 2019ರ ಕಾಯ್ದೆಯ 34ನೇ ಕಲಂ ಗ್ರಾಹಕರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಲು ಅವಕಾಶ ಕೊಟ್ಟಿದೆ. ನಿಮಗೆ ಅದು ಕೋಲಾರದ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. ವಸ್ತುವಿನ ಬೆಲೆ ಐದು ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ. ವಕೀಲರೂ ಕಡ್ಡಾಯವಲ್ಲ, ಹೊಟ್ಟೆಪಾಡಿನ ವಕೀಲನಾಗಿಯೂ ಹೇಳುತ್ತೇನೆ, ಹನ್ನೊಂದು ಸಾವಿರದ ಯಂತ್ರಕ್ಕೆ ನನ್ನಂಥವರಿಗೆ ಫೀಸು ಕೊಡುವ ಅಗತ್ಯವಿಲ್ಲ. ಬರೆಯಲು ನೆರವು ಬೇಕಿದ್ದರೆ ಕೋಲಾರದ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಆನ್‌ಲೈನ್‌ನಲ್ಲಿ ಸಲ್ಲಿಸುವುದಾದರೆ e-jagriti.gov.in ತಾಣವಿದೆ. ದೂರಲು ಎರಡು ವರ್ಷ ಕಾಲಾವಕಾಶವಿದೆ, ಆತುರ ಬೇಡ. ಆದರೆ ಯಂತ್ರವನ್ನೂ ಡಬ್ಬವನ್ನೂ ಎರಡು ವರ್ಷ ಮನೆಯಲ್ಲಿ ಜೋಪಾನ ಮಾಡುವವರು ಯಾರು? ಜುಲೈ ಕೊನೆಗೂ ಪರಿಹಾರವಾಗದಿದ್ದರೆ ಆಗಸ್ಟ್‌ನಲ್ಲೇ ಸಲ್ಲಿಸಿ.

ಎದುರು ಪಕ್ಷದಲ್ಲಿ ಬಿಲ್ಲಿನಲ್ಲಿರುವ ಮಾರಾಟಗಾರ ಮತ್ತು ಆಪ್ ಸಂಸ್ಥೆ ಇಬ್ಬರನ್ನೂ ಹೆಸರಿಸಿ. ಒಬ್ಬರನ್ನೇ ಹಾಕಿದರೆ ಅವರು ಇನ್ನೊಬ್ಬರತ್ತ ಬೆರಳು ತೋರಿಸಿ ಜಾರಿಕೊಳ್ಳುತ್ತಾರೆ. ಆಪ್‌ನವರು ‘ನಾವು ಬರೀ ಮಧ್ಯವರ್ತಿ’ ಎಂದು ವಾದಿಸುವುದು ಖಚಿತ. ನಿಮ್ಮ ದೂರನ್ನು ಪಡೆದು, ಮೆಕ್ಯಾನಿಕ್ ಕಳಿಸಿ, ‘ದೋಷವಿಲ್ಲ’ ಎಂದು ಮುಚ್ಚಿದವರು ಅವರೇ ಎಂಬುದನ್ನು ದೂರಿನಲ್ಲಿ ಎತ್ತಿ ಹೇಳಿ.

ನಿಮ್ಮ ಪ್ರಕರಣದಲ್ಲಿ ಮರೆಯಬಾರದ ಇನ್ನೊಂದು ಸಾಲಿದೆ. ವ್ಯಾಪಾರದ ಉದ್ದೇಶಕ್ಕೆ ಕೊಂಡವರು ಈ ಕಾಯ್ದೆಯ ಪ್ರಕಾರ ಗ್ರಾಹಕರಲ್ಲ. ‘ಈಕೆ ಟೈಲರ್, ಯಂತ್ರ ಕೊಂಡದ್ದು ಸಂಪಾದನೆಗೆ, ಆದ್ದರಿಂದ ದೂರೇ ನಿಲ್ಲದು’ ಎಂದು ಎದುರು ಪಕ್ಷದ ವಕೀಲರು ಮೊದಲ ದಿನವೇ ಹೇಳಬಹುದು. ಆದರೆ ಸ್ವಉದ್ಯೋಗದಿಂದ ಜೀವನೋಪಾಯಕ್ಕಾಗಿಯೇ ಕೊಂಡು ಬಳಸುವುದು ವ್ಯಾಪಾರದ ಉದ್ದೇಶವಲ್ಲ ಎಂದು ಅದೇ ಕಾಯ್ದೆಯ 2(7)ನೇ ಕಲಂನ ವಿವರಣೆಯಲ್ಲಿದೆ. ‘ನಾನು ಮನೆಯಲ್ಲಿ ಸ್ವತಃ ಹೊಲಿದು ಜೀವನ ನಡೆಸುತ್ತೇನೆ, ಯಂತ್ರವನ್ನು ಆ ಸ್ವಉದ್ಯೋಗಕ್ಕಾಗಿಯೇ ಕೊಂಡಿದ್ದೇನೆ’ ಎಂಬ ಸಾಲು ದೂರಿನಲ್ಲೂ ಅದರ ಜೊತೆ ಕೊಡುವ ಅಫಿಡವಿಟ್‌ನಲ್ಲೂ ಇರಲೇಬೇಕು. ನಾಲ್ಕಾರು ಜನರನ್ನು ಸಂಬಳಕ್ಕೆ ಇಟ್ಟು ನಡೆಸುವ ಅಂಗಡಿಯಾಗಿದ್ದರೆ ಇದು ಇಷ್ಟು ಸಲೀಸಾಗಿರುತ್ತಿರಲಿಲ್ಲ.

ಕೇಳುವ ಮೊತ್ತ ಹದವಾಗಿರಲಿ. ಬೆಲೆ, ಅದರ ಮೇಲೆ ಬಡ್ಡಿ, ಕೆಲಸ ತಪ್ಪಿದ್ದಕ್ಕೂ ಓಡಾಟಕ್ಕೂ ಒಂದಿಷ್ಟು ಪರಿಹಾರ, ದೂರಿನ ಖರ್ಚು. ಐದು ಲಕ್ಷ ಕೇಳಿದರೆ ಹತ್ತು ಸಾವಿರವಾದರೂ ಬರುತ್ತದೆ ಎಂಬ ಲೆಕ್ಕ ಆಯೋಗದ ಮುಂದೆ ನಡೆಯುವುದಿಲ್ಲ, ನಿಮ್ಮ ಉಳಿದ ಮಾತಿನ ತೂಕವೂ ಇಳಿಯುತ್ತದೆ. ಜೂನ್‌ನಿಂದ ವಾಪಸ್ ಕಳಿಸಿದ ಪಿಕೋ ಸೀರೆಗಳನ್ನು ನಿಮ್ಮ ಲೆಕ್ಕದ ಪುಸ್ತಕದಲ್ಲಿ ದಿನಾಂಕ ಹಾಕಿ ಬರೆಯುತ್ತಾ ಬನ್ನಿ. ಪರಿಹಾರಕ್ಕೆ ಅದೇ ಆಧಾರ. ಕಾಯ್ದೆಯಲ್ಲಿ ಇಂಥ ದೂರುಗಳನ್ನು ಮೂರು ತಿಂಗಳಲ್ಲಿ ತೀರಿಸಲು ಯತ್ನಿಸಬೇಕು ಎಂದಿದೆ. ವಾಸ್ತವದಲ್ಲಿ ಅದಕ್ಕಿಂತ ಹೆಚ್ಚು ಹಿಡಿಯುತ್ತದೆ, ಕೋಲಾರಕ್ಕೆ ಕೆಲವು ಬಾರಿ ಬಸ್ಸು ಹತ್ತಬೇಕಾಗುತ್ತದೆ. ಆಯೋಗದ ನೋಟಿಸ್ ತಲುಪಿದ ಮೇಲೆ ಸಂಸ್ಥೆಯವರೇ ಫೋನ್ ಮಾಡಿ ರಾಜಿಗೆ ಬರುವುದೂ ಉಂಟು, ಏಕೆಂದರೆ ಕೋಲಾರಕ್ಕೆ ವಕೀಲರನ್ನು ಕಳಿಸುವ ಖರ್ಚು ಅವರಿಗೂ ಯಂತ್ರದ ಬೆಲೆ ಮೀರುತ್ತದೆ. ಹಾಗೆ ರಾಜಿಯಾದರೆ, ‘ಹಣ ಬಿಡುಗಡೆಯಾಗಿದೆ’ ಎಂಬ ಸಂದೇಶ ನೋಡಿ ದೂರು ಹಿಂಪಡೆಯಬೇಡಿ. ಪಾಸ್‌ಬುಕ್‌ನಲ್ಲಿ ಹಣ ಬಿದ್ದದ್ದನ್ನು ನೋಡಿದ ಮೇಲೆ ಸಹಿ ಹಾಕಿ.